ಬೀಡು ಕಬ್ಬಿಣದ ಪಾತ್ರೆಗಳ ತುಕ್ಕು: ಅದರ ಪರೀಕ್ಷೆ, ನಿವಾರಣೆ ಮತ್ತು ಪಾತ್ರೆಗಳ ಪಾಲನೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಜೋಳದ ರೊಟ್ಟಿಯೇ ಮುಖ್ಯವಾದ ಆಹಾರವು. ಆದುದರಿಂದ ಕಬ್ಬಿಣದ ಹಂಚಿಲ್ಲದ ಮನೆಯು ಈ ಸೀಮೆಯಲ್ಲಿ ವಿರಳ. ಮನೆಯ ಹಂಚಿನ ಹೊರತಾಗಿ ಅನೇಕ ಗ್ರಾಮಗಳಲ್ಲಿ ದೈವದವರ ವಶದಲ್ಲಿ ದೊಡ್ಡ ಬಾಣಲೆಗಳೂ ಇರುವುವು. ಮದುವೆ, ದಾಸೋಹ, ತೇರು ಮುಂತಾದ ಕಾಲಗಳಲ್ಲಿ ಮಾತ್ರ ಇವನ್ನು ಹೊರಗೆ ತೆಗೆದು, ಉಳಿದ ತಿಂಗಳುಗಳಲ್ಲಿ ಗುಡಿಯ ಕೋಣೆಯಲ್ಲಿಯೋ ಚಾವಡಿಯ ಮೂಲೆಯಲ್ಲಿಯೋ ಇರಿಸುವುದು ವಾಡಿಕೆ. ಮಳೆಗಾಲವು ಕಳೆದ ಮೇಲೆ ಅವನ್ನು ನೋಡಿದರೆ ಒಳಹೊರಗೆಲ್ಲ ಕೆಂಪಗೆ ತುಕ್ಕು ಹಿಡಿದಿರುತ್ತದೆ.

ಆಗ ಎರಡು ಬಗೆಯ ತಪ್ಪುಗಳು ನಡೆಯುವುದುಂಟು. ಕೆಲವರು ತುಕ್ಕನ್ನು ವಿಷವೆಂದು ಭಾವಿಸಿ, ಇನ್ನೂ ಎರಡು ತಲೆಮಾರು ಬಾಳಬಹುದಾದ ಪಾತ್ರೆಯನ್ನು ಗುಜರಿಯವನಿಗೆ ತೂಕಕ್ಕೆ ಹಾಕಿಬಿಡುವರು. ಮತ್ತೆ ಕೆಲವರು ನೀರಿನಲ್ಲಿ ಒಂದು ಸಲ ತೊಳೆದು, ಪಾತ್ರೆಯ ಪೂರ್ವಸ್ಥಿತಿಯನ್ನು ವಿಚಾರಿಸದೆ, ನೂರಾರು ಜನರ ಅಡಿಗೆಗೆ ಒಲೆಯ ಮೇಲೇರಿಸುವರು. ಮೊದಲನೆಯದರಿಂದ ಹಣವು ನಷ್ಟವಾಗುವುದು. ಎರಡನೆಯದರಿಂದ ಕೆಲವು ವೇಳೆ ಪ್ರಾಣಕ್ಕೇ ಅಪಾಯ ಸಂಭವಿಸಬಹುದು. ಪಾತ್ರೆಗಳ ಜವಾಬ್ದಾರಿಯು ಗ್ರಾಮದ ಹಿರಿಯರ ಮೇಲೆ ಇರುವುದರಿಂದ, ಯಾವ ಪಾತ್ರೆಯನ್ನು ಉಳಿಸಿಕೊಳ್ಳಬೇಕು, ಯಾವುದನ್ನು ತ್ಯಜಿಸಬೇಕು, ಉಳಿಸಿಕೊಂಡದ್ದನ್ನು ಹೇಗೆ ಸರಿಪಡಿಸಬೇಕು ಎಂಬುದನ್ನು ಅವರು ತಿಳಿದಿರುವುದು ಅವಶ್ಯ.

ಬೀಡು ಎಂದರೇನು

ಕಬ್ಬಿಣದ ಪಾತ್ರೆಗಳಲ್ಲಿ ಎರಡು ವಿಧ. ಕಮ್ಮಾರನು ತಗಡನ್ನು ಬಡಿದು ಮಾಡಿದ್ದು ಒಂದು. ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು ಮಾಡಿದ್ದು ಇನ್ನೊಂದು. ಈ ಎರಡನೆಯದಕ್ಕೇ ಬೀಡು ಎಂದು ಹೆಸರು. ಬೀಡಿನಲ್ಲಿ ನೂರಕ್ಕೆ ಸುಮಾರು 3ರಿಂದ 4 ಭಾಗ ಇಂಗಾಲವು ಸೇರಿರುವುದರಿಂದ ಅದು ಗಡುಸಾಗಿದ್ದರೂ ಪೆಡಸು. ತಗಡಿನ ಹಂಚು ಕೆಳಗೆ ಬಿದ್ದರೆ ನೆಗ್ಗುತ್ತದೆ. ಬೀಡಿನ ಹಂಚು ಬಿದ್ದರೆ ಸೀಳುತ್ತದೆ ಅಥವಾ ಎರಡು ಹೋಳಾಗುತ್ತದೆ. ಬೀಡಿನ ಪಾತ್ರೆಯು ದಪ್ಪವಾಗಿಯೂ ಭಾರವಾಗಿಯೂ ಇದ್ದು, ಅದರ ಹೊರಮೈ ಮರಳಿನ ಅಚ್ಚಿನ ಗುರುತಿನಿಂದ ತುಸು ಒರಟಾಗಿರುತ್ತದೆ. ನಿಧಾನವಾಗಿ ಕಾದು, ಕಾದ ಮೇಲೆ ಬಹಳ ಹೊತ್ತು ಶಾಖವನ್ನು ಹಿಡಿದಿರುವುದೇ ಅದರ ಮುಖ್ಯ ಗುಣ. ತುಕ್ಕಿನ ವಿಷಯದಲ್ಲಿ ಮುಂದೆ ಹೇಳುವ ಕ್ರಮಗಳು ಎರಡು ವಿಧದ ಪಾತ್ರೆಗಳಿಗೂ ಸಲ್ಲುತ್ತವೆ. ಬಿರುಕಿನ ಪರೀಕ್ಷೆಯು ಮಾತ್ರ ವಿಶೇಷವಾಗಿ ಬೀಡಿಗೆ ಸಂಬಂಧಪಟ್ಟುದು.

ತುಕ್ಕು ಹಿಡಿಯಲು ಕಾರಣ

ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ಇವುಗಳಲ್ಲಿ ಒಂದನ್ನು ದೂರವಿಟ್ಟರೂ ತುಕ್ಕು ಹುಟ್ಟಲಾರದು. ಉಪ್ಪಿನ ಅಂಶವು ಸೇರಿದರೆ ಕೆಲಸವು ಬೇಗನೆ ಸಾಗುತ್ತದೆ. ಉಪ್ಪು ಹಾಕಿದ ಅಡಿಗೆಯು ರಾತ್ರಿಯೆಲ್ಲ ನಿಂತ ಬಾಣಲೆಯೂ, ಸವುಳು ನೀರಿನಲ್ಲಿ ತೊಳೆದು ಒರಸದೆ ಬೋರಲು ಹಾಕಿದ ಹಂಚೂ ಬೆಳಗಾಗುವುದರೊಳಗೆ ಕೆಂಪಾಗುವುದು ಇದರಿಂದಲೇ.

ತಾಮ್ರ, ಅಲ್ಯುಮಿನಿಯಂ ಮುಂತಾದ ಲೋಹಗಳ ಮೇಲೆ ಹುಟ್ಟುವ ಪೊರೆಯು ಅಂಟಿಕೊಂಡಿದ್ದು ಒಳಗಿನ ಲೋಹವನ್ನು ಸ್ವಲ್ಪಮಟ್ಟಿಗಾದರೂ ಕಾಯುತ್ತದೆ. ಕಬ್ಬಿಣದ ತುಕ್ಕಿಗೆ ಈ ಗುಣವಿಲ್ಲ. ಅದು ಉಬ್ಬಿ, ಸಡಿಲವಾಗಿ, ಹಕ್ಕಳೆಯಂತೆ ಏಳುತ್ತದೆ. ಅದರ ಸಂದುಗಳಲ್ಲಿ ತೇವವು ನಿಂತು ಕೆಳಗಿನ ಹೊಸ ಲೋಹವನ್ನು ತಿನ್ನುತ್ತ ಹೋಗುತ್ತದೆ. ಆದುದರಿಂದ ತುಕ್ಕನ್ನು ಮೇಲುಮೇಲೆ ಒರಸಿ ಬಿಟ್ಟರೆ ಸಾಲದು. ತುಕ್ಕು ತೆಗೆದ ಜಾಗಕ್ಕೆ ಬೇರೊಂದು ಕವಚವನ್ನು ಕೊಡಲೇಬೇಕು.

ಈ ಕವಚವು ಯಾವುದೆಂಬುದನ್ನು ಅಡಿಗೆ ಮಾಡುವ ಹೆಂಗಸರು ಅನುಭವದಿಂದ ಬಲ್ಲರು. ವರ್ಷಗಟ್ಟಲೆ ಬಳಸಿದ ಹಂಚು ಕರ್ರಗೆ ಮಿಂಚುತ್ತಿದ್ದು, ದೋಸೆಯು ತಾನಾಗಿ ಎದ್ದು ಬರುತ್ತದೆ. ಆ ಕಪ್ಪು ಬಣ್ಣವು ಮಸಿಯಲ್ಲ. ಎಣ್ಣೆಯು ತೆಳ್ಳಗೆ ಹರಡಿ, ಕಾವಿನಿಂದ ಗಟ್ಟಿಯಾಗಿ, ಅರಗಿನಂತೆ ಕಬ್ಬಿಣಕ್ಕೆ ಅಂಟಿಕೊಂಡ ಪದರವು ಅದು. ಒಣಬಟ್ಟೆಯಿಂದ ಉಜ್ಜಿದರೆ ಮಸಿಯು ಬಟ್ಟೆಗೆ ಹತ್ತುತ್ತದೆ. ಈ ಪದರವು ಹತ್ತುವುದಿಲ್ಲ. ಹಿತ್ತಾಳೆಯ ಪಾತ್ರೆಗೆ ಕಲಾಯಿಯು ಹೇಗೋ ಕಬ್ಬಿಣದ ಪಾತ್ರೆಗೆ ಈ ಪದರವು ಹಾಗೆ. ಅದನ್ನು ಬರಿಸುವುದಕ್ಕೇ ಪಳಗಿಸುವುದೆಂದು ಹೆಸರು.

ತುಕ್ಕು ಹಿಡಿದ ಪಾತ್ರೆಯು ಅಪಾಯಕರವೇ

ತುಕ್ಕಿನ ಭಯವು ಬಹುಮಟ್ಟಿಗೆ ಕಿಲುಬಿನ ಭಯದಿಂದ ಬಂದುದು. ಕಲಾಯಿ ಹೋದ ತಾಮ್ರ ಅಥವಾ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಪದಾರ್ಥವನ್ನಿಟ್ಟರೆ ತಾಮ್ರವು ಕರಗಿ ಆಹಾರದಲ್ಲಿ ಸೇರಿ ವಾಂತಿ, ಹೊಟ್ಟೆನೋವುಗಳನ್ನು ಉಂಟುಮಾಡುತ್ತದೆ. ಇದು ನಿಜವೇ. ಆದರೆ ಕಬ್ಬಿಣದ ತುಕ್ಕು ಕಿಲುಬಿನ ಜಾತಿಯದಲ್ಲ. ಅದು ಕಬ್ಬಿಣ, ಆಮ್ಲಜನಕ ಮತ್ತು ನೀರುಗಳ ಸಂಯೋಗವು, ನೀರಿನಲ್ಲಿ ಕರಗುವುದಿಲ್ಲ, ಹೊಟ್ಟೆಯಲ್ಲಿಯೂ ಅತ್ಯಲ್ಪವಾಗಿಯೇ ಕರಗುತ್ತದೆ. ತೊಳೆದ ಹಂಚಿನಲ್ಲಿ ಅಲ್ಲಲ್ಲಿ ಉಳಿದ ತುಕ್ಕಿನ ಚುಕ್ಕೆಯಿಂದ ಒಂದು ರೊಟ್ಟಿಗೆ ಹತ್ತುವಷ್ಟು ತುಕ್ಕು ಆರೋಗ್ಯವಂತನಿಗೆ ಯಾವ ಕೇಡನ್ನೂ ಮಾಡುವುದಿಲ್ಲ. ಆದರೂ ತುಕ್ಕಿನ ಹಕ್ಕಳೆಗಳಿರುವ ಪಾತ್ರೆಯಲ್ಲಿ ಅಡಿಗೆ ಮಾಡತಕ್ಕದ್ದಲ್ಲ. ಆಹಾರಕ್ಕೆ ಕಬ್ಬಿಣದ ಕಸರು ರುಚಿ ಬರುತ್ತದೆ, ಬಣ್ಣವು ಕೆಡುತ್ತದೆ, ಹಿಟ್ಟು ತಳಕ್ಕೆ ಹತ್ತಿ ಸೀಯುತ್ತದೆ. ತುಕ್ಕಿನ ಸಂದಿನಲ್ಲಿ ಹಳೆಯ ಜಿಡ್ಡೂ ಅನ್ನದ ಅಗುಳೂ ಸಿಕ್ಕಿ ಕೊಳೆಯುತ್ತವೆ.

ತುಕ್ಕಿನಿಂದ ಧನುರ್ವಾಯು ಬರುವುದೆಂಬ ಮಾತೂ ಉಂಟು. ಧನುರ್ವಾಯುವು ತುಕ್ಕಿನಿಂದ ಹುಟ್ಟುವ ರೋಗವಲ್ಲ. ಮಣ್ಣಿನಲ್ಲಿಯೂ ಸಗಣಿಗೊಬ್ಬರದಲ್ಲಿಯೂ ಇರುವ ಒಂದು ಸೂಕ್ಷ್ಮಜೀವಿಯು ಆಳವಾದ ಗಾಯದೊಳಗೆ ಸೇರಿದಾಗ ಅದು ಬರುತ್ತದೆ. ಹೊಲದಲ್ಲಿ ಬಿದ್ದ ಮೊಳೆಯು ಕಾಲಿಗೆ ಚುಚ್ಚಿದರೆ ಅಪಾಯವುಂಟಾಗುವುದು ಮೊಳೆಗೆ ಹತ್ತಿದ ಮಣ್ಣಿನಿಂದಲೂ ಗಾಯದ ಆಳದಿಂದಲೂ ಹೊರತು ತುಕ್ಕಿನಿಂದಲ್ಲ. ಹಂಚಿನ ತುಕ್ಕು ಆಹಾರದೊಡನೆ ಹೊಟ್ಟೆಗೆ ಹೋದರೆ ಈ ರೋಗವು ಬರುವುದಿಲ್ಲ. ಆದರೆ ತುಕ್ಕು ಉಜ್ಜುವಾಗ ಕೈಗೆ ಗಾಯವಾದರೆ, ಇತರ ಯಾವ ಗಾಯವಾದರೂ ಮಾಡುವಂತೆ, ಶುದ್ಧವಾಗಿ ತೊಳೆದು ಚುಚ್ಚುಮದ್ದಿನ ವಿಷಯವಾಗಿ ವೈದ್ಯರನ್ನು ಕೇಳಬೇಕು.

ಇದಕ್ಕೆ ಪ್ರತಿಯಾಗಿ, ಕಬ್ಬಿಣದ ಪಾತ್ರೆಯಿಂದ ಲಾಭವೂ ಉಂಟು. ಇಥಿಯೋಪಿಯಾ ದೇಶದಲ್ಲಿ ಕೆಲವು ಮನೆಗಳಿಗೆ ಕಬ್ಬಿಣದ ಪಾತ್ರೆಗಳನ್ನೂ ಕೆಲವು ಮನೆಗಳಿಗೆ ಅಲ್ಯುಮಿನಿಯಂ ಪಾತ್ರೆಗಳನ್ನೂ ಕೊಟ್ಟು ಒಂದು ವರ್ಷ ನೋಡಿದಾಗ, ಕಬ್ಬಿಣದ ಪಾತ್ರೆಯ ಅಡಿಗೆಯನ್ನು ಉಂಡ ಮಕ್ಕಳಲ್ಲಿ ರಕ್ತಹೀನತೆಯು ಹೆಚ್ಚು ಕಡಿಮೆಯಾಯಿತೆಂದು 1999ರಲ್ಲಿ ಪ್ರಕಟವಾಗಿದೆ. ಇದು ಸ್ವಚ್ಛವಾದ ಕಬ್ಬಿಣದಿಂದ ಅಡಿಗೆಗೆ ಇಳಿಯುವ ಅಂಶದ ಫಲವೇ ಹೊರತು ತುಕ್ಕನ್ನು ತಿಂದುದರ ಫಲವಲ್ಲ. ತುಕ್ಕಿನಲ್ಲಿರುವ ಕಬ್ಬಿಣವನ್ನು ಶರೀರವು ಬಹು ಕಡಿಮೆಯಾಗಿ ಹೀರಿಕೊಳ್ಳುತ್ತದೆ. ಗರ್ಭಿಣಿಯರಿಗೆ ವೈದ್ಯರು ಕೊಡುವ ಮಾತ್ರೆಗೆ ಬದಲಾಗಿ ಹಂಚನ್ನು ನಂಬತಕ್ಕದ್ದೂ ಅಲ್ಲ. ಥಲಸ್ಸೀಮಿಯಾ ಮುಂತಾದ ವ್ಯಾಧಿಗಳಿಂದ ಶರೀರದಲ್ಲಿ ಕಬ್ಬಿಣವು ಅತಿಯಾಗಿ ಸಂಗ್ರಹವಾಗುವ ರೋಗಿಗಳಿರುವ ಮನೆಯವರು ಮಾತ್ರ ಕಬ್ಬಿಣದ ಪಾತ್ರೆಯ ವಿಷಯವಾಗಿ ತಮ್ಮ ವೈದ್ಯರ ಅಭಿಪ್ರಾಯವನ್ನು ಪಡೆಯಬೇಕು.

ನಿಜವಾದ ಅಪಾಯವು ತುಕ್ಕಿನಲ್ಲಿಲ್ಲ, ಪಾತ್ರೆಯ ಚರಿತ್ರೆಯಲ್ಲಿದೆ. ವರ್ಷವೆಲ್ಲ ಮೂಲೆಯಲ್ಲಿ ಬಿದ್ದಿರುವ ಬಾಣಲೆಯಲ್ಲಿ ಯಾರಾದರೂ ಕೀಟನಾಶಕವನ್ನು ಕಲಸಿರಬಹುದು, ಬಿತ್ತನೆಯ ಬೀಜಕ್ಕೆ ಔಷಧವನ್ನು ಲೇಪಿಸಿರಬಹುದು, ಹಳೆಯ ಬ್ಯಾಟರಿಯ ಸೀಸವನ್ನು ಕರಗಿಸಿರಬಹುದು, ಬಣ್ಣವನ್ನು ಕದಡಿರಬಹುದು. ಬೀಡಿನ ಮೈಯಲ್ಲಿ ಸೂಕ್ಷ್ಮವಾದ ರಂಧ್ರಗಳಿರುವುದರಿಂದ ಇಂಥ ವಸ್ತುಗಳು ತೊಳೆದರೂ ಪೂರ್ಣವಾಗಿ ಹೋದವೆಂದು ಹೇಳಲಾಗದು. ಇಂಥ ಕೆಲಸಕ್ಕೆ ಒಂದು ಸಲ ಬಳಸಿದುದೆಂದು ತಿಳಿದುಬಂದ ಪಾತ್ರೆಯನ್ನು, ಅದು ಹೊಳೆಯುತ್ತಿದ್ದರೂ ಸಹ, ಅಡಿಗೆಗೆ ಬಳಸಕೂಡದು. ಹಳೆಯ ಪಾತ್ರೆಯನ್ನು ಸಂತೆಯಲ್ಲಿ ಕೊಳ್ಳುವವರೂ ಇದನ್ನು ಮೊದಲು ವಿಚಾರಿಸಬೇಕು. ಪಾತ್ರೆಯ ಮೇಲೆ ಬಣ್ಣದ ಕುರುಹಾಗಲಿ, ಒಳಗೆ ಬೂದುಬಣ್ಣದ ಮೆತ್ತನೆಯ ಲೋಹದ ಚುಕ್ಕೆಗಳಾಗಲಿ ಕಂಡರೆ ಕೊಳ್ಳದಿರುವುದೇ ಲೇಸು.

ಪರೀಕ್ಷೆಯ ಕ್ರಮ

ಪಾತ್ರೆಯ ಚರಿತ್ರೆಯು ನಿರ್ದೋಷವೆಂದು ತಿಳಿದ ಮೇಲೆ, ತುಕ್ಕಿನ ಆಳವನ್ನು ನೋಡಬೇಕು. ಒಣಗಿದ ತೆಂಗಿನ ನಾರಿನಿಂದ ಒಂದು ಅಂಗೈ ಅಗಲದ ಜಾಗವನ್ನು ಉಜ್ಜಿದಾಗ ಕೆಂಪುಪುಡಿ ಉದುರಿ ಕೆಳಗೆ ಬೂದುಬಣ್ಣದ ನುಣುಪಾದ ಕಬ್ಬಿಣವು ಕಂಡರೆ ಅದು ಮೇಲ್ತುಕ್ಕು. ಒಂದು ತಾಸಿನ ಕೆಲಸಕ್ಕೆ ಸರಿಹೋಗುತ್ತದೆ. ಹಕ್ಕಳೆಗಳೆದ್ದು ಕೆಳಗೆ ಸಣ್ಣ ಗುಳಿಗಳು ಕಂಡರೆ ತುಕ್ಕು ಒಳಗಿಳಿದಿದೆ. ಗುಳಿಗಳು ಆಳವಿಲ್ಲದಿದ್ದರೆ ಪಾತ್ರೆಯು ಇನ್ನೂ ಉಪಯುಕ್ತವೇ. ಎಣ್ಣೆಯ ಪದರವು ಕಾಲಕ್ರಮದಲ್ಲಿ ಅವನ್ನು ತುಂಬುತ್ತದೆ. ಉಗುರಿನ ತುದಿಯು ಮುಳುಗುವಷ್ಟು ಆಳವಾದ ಗುಳಿಗಳು ತಳದಲ್ಲಿ ಅನೇಕವಾಗಿದ್ದರೆ, ತಳವು ತೆಳುವಾಗಿದೆಯೆಂದು ತಿಳಿದು ಅಂಥ ಪಾತ್ರೆಯನ್ನು ಕಾದ ಎಣ್ಣೆಯ ಕೆಲಸಕ್ಕೆ ಬಳಸಬಾರದು.

ಬಿರುಕಿನ ಪರೀಕ್ಷೆಯು ಇದಕ್ಕಿಂತ ಮುಖ್ಯವಾದುದು. ಹತ್ತಿಪ್ಪತ್ತು ಸೇರು ಕುದಿಯುವ ಎಣ್ಣೆಯನ್ನು ತುಂಬಿದ ಬಾಣಲೆಯು ಒಲೆಯ ಮೇಲೆ ಸೀಳಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಪಾತ್ರೆಯನ್ನು ಹಗ್ಗದಿಂದ ತೂಗುಹಾಕಿ ಮರದ ತುಂಡಿನಿಂದ ಮೆಲ್ಲಗೆ ಬಡಿಯಬೇಕು. ಗಂಟೆಯಂತೆ ನಾದವು ನಿಂತರೆ ಶುಭಲಕ್ಷಣ. ಒಡಕು ಮಡಕೆಯಂತೆ ಮೊದ್ದಾದ ಶಬ್ದ ಬಂದರೆ ಬಿರುಕಿರುವ ಸಂಭವವುಂಟು.

ಸಂಶಯವಿದ್ದಲ್ಲಿ ಎರಕದ ಕಾರ್ಖಾನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸೀಮೆಎಣ್ಣೆಯ ಪರೀಕ್ಷೆಯನ್ನು ಮಾಡಬಹುದು. ತುಕ್ಕನ್ನು ಒಣದಾಗಿ ಉಜ್ಜಿ ತೆಗೆದ ಮೇಲೆ, ಪಾತ್ರೆಯ ಹೊರಮೈಗೆ ತೆಳ್ಳಗೆ ಸುಣ್ಣವನ್ನು ಬಳಿದು ಪೂರ್ತಿ ಒಣಗಿಸಬೇಕು. ಅನಂತರ ಒಳಮೈಗೆ ಬಟ್ಟೆಯಿಂದ ಸೀಮೆಎಣ್ಣೆಯನ್ನು ಸವರಿ ಅರ್ಧ ತಾಸು ಬಿಡಬೇಕು. ಸೀಮೆಎಣ್ಣೆಯು ಕೂದಲೆಳೆಯಷ್ಟು ಬಿರುಕಿನಲ್ಲಿಯೂ ನುಸುಳುವ ಸ್ವಭಾವದ್ದು. ಬಿರುಕು ಇದ್ದರೆ ಬಿಳಿಯ ಸುಣ್ಣದ ಮೇಲೆ ಕಪ್ಪಾದ ಗೆರೆಯು ಮೂಡುತ್ತದೆ. ಗೆರೆ ಮೂಡಿದ ಪಾತ್ರೆಯನ್ನು ಅಡಿಗೆಯಿಂದ ತೆಗೆದುಬಿಡಬೇಕು. ಬೀಡಿಗೆ ಬೆಸುಗೆಯು ಸುಲಭವಾಗಿ ನಿಲ್ಲುವುದಿಲ್ಲ. ಬೆಸುಗೆಯ ಪಕ್ಕದಲ್ಲಿಯೇ ಮತ್ತೆ ಸೀಳುವುದುಂಟು. ಗೆರೆ ಮೂಡದಿದ್ದರೆ ಪಾತ್ರೆಯನ್ನು ಸಾಬೂನಿನಿಂದ ಎರಡು ಮೂರು ಸಲ ತೊಳೆದು, ವಾಸನೆಯು ಹೋಗುವ ತನಕ ಬಿಸಿಲಿನಲ್ಲಿಡಬೇಕು. ಅದಕ್ಕೆ ಮೊದಲು ಬೆಂಕಿಯ ಸಮೀಪಕ್ಕೆ ಒಯ್ಯಕೂಡದು.

ತುಕ್ಕು ತೆಗೆಯುವ ವಿಧಾನ

ಮೇಲ್ತುಕ್ಕಿಗೆ ಒಣ ಉಜ್ಜುವಿಕೆಯೇ ಸಾಕು. ಹಂಚಿನ ಮೇಲೆ ಒಂದು ಹಿಡಿ ಕಲ್ಲುಪ್ಪನ್ನೂ ಒಂದು ಚಮಚ ಎಣ್ಣೆಯನ್ನೂ ಹಾಕಿ, ನಾರಿನಿಂದಲೋ ಅರ್ಧ ಕತ್ತರಿಸಿದ ಆಲೂಗಡ್ಡೆಯಿಂದಲೋ ಉಜ್ಜಿದರೆ ಉಪ್ಪಿನ ಹರಳುಗಳು ತುಕ್ಕನ್ನು ಕೆರೆದು ತೆಗೆಯುತ್ತವೆ. ಇಟ್ಟಿಗೆಪುಡಿಯೂ ಆಗಬಹುದು. ಕೆಲಸವು ಮುಗಿದ ಕೂಡಲೆ ಉಪ್ಪು ಸ್ವಲ್ಪವೂ ಉಳಿಯದಂತೆ ತೊಳೆಯಬೇಕು.

ಒಳಗಿಳಿದ ತುಕ್ಕಿಗೆ ಹುಳಿಯ ಸಹಾಯವು ಬೇಕು. ವಿನೆಗರ್ ಸಿಕ್ಕುವ ಕಡೆ ಅದನ್ನು ಸಮಭಾಗ ನೀರಿಗೆ ಬೆರಸಿ ಬಳಸಬಹುದು. ಈ ಸೀಮೆಯಲ್ಲಿ ಹುಣಿಸೆಹಣ್ಣು ಧಾರಾಳವಾಗಿ ದೊರೆಯುವುದರಿಂದ ಅದೇ ಅನುಕೂಲ. ಕಾಲು ಕಿಲೋ ಹಳೆಯ ಹುಣಿಸೆಹಣ್ಣನ್ನು ಎರಡು ಲೀಟರು ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ರಸವನ್ನು ಪಾತ್ರೆಯೊಳಗೆ ತುಂಬಬೇಕು. ಹೊರಮೈಗೆ ಗಸಿಯನ್ನು ದಪ್ಪವಾಗಿ ಮೆತ್ತಬೇಕು. ಅರ್ಧ ತಾಸಿನ ನಂತರ ರಸವನ್ನು ಚೆಲ್ಲಿ ನಾರಿನಿಂದ ಉಜ್ಜಿ ನೋಡಬೇಕು. ತುಕ್ಕು ಉಳಿದಿದ್ದರೆ ಮತ್ತೆ ಅರ್ಧ ತಾಸು. ರಸವು ಕಪ್ಪಾಗುವುದನ್ನು ಕಂಡು ಗಾಬರಿಪಡಬೇಕಾಗಿಲ್ಲ. ಹುಳಿಯಲ್ಲಿರುವ ಒಗರು ಪದಾರ್ಥವು ಕಬ್ಬಿಣದೊಡನೆ ಕೂಡಿದಾಗ ಹಾಗೆ ಆಗುತ್ತದೆ.

ಇಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪೆಂದರೆ, ಬೇಗ ಆಗಲೆಂದು ರಾತ್ರಿಯೆಲ್ಲ ಹುಳಿಯಲ್ಲಿ ಬಿಟ್ಟುಬಿಡುವುದು. ಹುಳಿಯು ತುಕ್ಕನ್ನು ಕರಗಿಸಿದ ಮೇಲೆ ಒಳ್ಳೆಯ ಕಬ್ಬಿಣವನ್ನೂ ಕರಗಿಸತೊಡಗುತ್ತದೆ. ಬೆಳಗ್ಗೆ ನೋಡಿದರೆ ಮೈಯೆಲ್ಲ ಒರಟಾಗಿ, ಕರಿಯ ಕೆಸರು ಕಟ್ಟಿ, ಹೊಸ ಗುಳಿಗಳು ಬಿದ್ದಿರುತ್ತವೆ. ಬ್ಯಾಟರಿಯ ಆಮ್ಲವನ್ನಾಗಲಿ ಪಾಯಖಾನೆ ತೊಳೆಯುವ ಆಮ್ಲವನ್ನಾಗಲಿ ಬಳಸಲೇ ಬಾರದು. ತುಕ್ಕನ್ನು ಸುಡುವ ಉದ್ದೇಶದಿಂದ ಪಾತ್ರೆಯನ್ನು ಕೆಂಡದಲ್ಲಿ ಹೂಳಿ ಕೆಂಪಗೆ ಕಾಯಿಸುವುದೂ ತಪ್ಪು. ಬೀಡು ಡೊಂಕಾಗುವುದು ಅಥವಾ ಸೀಳುವುದು.

ತುಕ್ಕು ಹೋದ ಮೇಲೆ ಒಂದು ಲೀಟರು ನೀರಿಗೆ ಒಂದು ದೊಡ್ಡ ಚಮಚ ಅಡಿಗೆ ಸೋಡಾ ಬೆರಸಿ ಪಾತ್ರೆಯನ್ನು ತೊಳೆದರೆ ಉಳಿದ ಹುಳಿಯು ಶಮನವಾಗುತ್ತದೆ. ಆ ಮೇಲೆ ಸಿಹಿನೀರಿನಿಂದ ತೊಳೆದು, ಬಟ್ಟೆಯಿಂದ ಒರಸಿ, ತಡಮಾಡದೆ ಒಲೆಯ ಮೇಲಿಡಬೇಕು. ಬರಿಯ ಕಬ್ಬಿಣವು ಒದ್ದೆಯಾಗಿ ಕಾಲು ತಾಸು ಇದ್ದರೂ ಹಳದಿ ತುಕ್ಕು ಮತ್ತೆ ಮೂಡುತ್ತದೆ. ಬಿಸಿಲಿಗಿಟ್ಟು ಒಣಗಿಸುವುದು ಸಾಲದು. ಬೆಂಕಿಯ ಕಾವೇ ಬೇಕು.

ಪಳಗಿಸುವ ಕ್ರಮ

ಎಣ್ಣೆಗಳಲ್ಲಿ ಕೆಲವು ಗಾಳಿಗೆ ಒಣಗಿ ಗಟ್ಟಿಯಾಗುವ ಸ್ವಭಾವದವು, ಕೆಲವು ಅಲ್ಲ. ಅಗಸೆಯೆಣ್ಣೆಯು ಎಲ್ಲಕ್ಕಿಂತ ಬೇಗ ಗಟ್ಟಿಯಾಗುತ್ತದೆ. ಆದರೆ ಅದರ ಪದರವು ಪೆಡಸಾಗಿ ಕೆಲವು ಕಾಲದ ಮೇಲೆ ಹಕ್ಕಳೆಯೇಳುವುದುಂಟು. ಕುಸುಬೆಯೆಣ್ಣೆಯು ಅದಕ್ಕಿಂತ ತುಸು ನಿಧಾನ, ಆದರೆ ಚೆನ್ನಾಗಿ ನಿಲ್ಲುತ್ತದೆ. ಶೇಂಗಾ ಎಣ್ಣೆಯೂ ಆಗುತ್ತದೆ. ಅದಕ್ಕೆ ಒಂದೆರಡು ಸರದಿ ಹೆಚ್ಚು ಬೇಕು. ಹರಳೆಣ್ಣೆಯು ಹೀಗೆ ಒಣಗುವ ಜಾತಿಯದಲ್ಲವಾದುದರಿಂದ ಈ ಕೆಲಸಕ್ಕೆ ಬಾರದು. ಗಾಣದ ಎಣ್ಣೆಯಾದರೆ ಗಸಿಯು ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ತೆಗೆದುಕೊಳ್ಳಬೇಕು.

ಪಾತ್ರೆಯು ಕೈಗೆ ಹಿತವಾಗಿ ಬಿಸಿಯಾದಾಗ ಬಟ್ಟೆಯಿಂದ ಒಳಗೂ ಹೊರಗೂ ಎಣ್ಣೆಯನ್ನು ಸವರಬೇಕು. ರೊಟ್ಟಿಯ ಹಂಚಿಗೆ ಒಂದು ಸಣ್ಣ ಚಮಚದಷ್ಟು ಸಾಕು. ಸವರಿದ ಮೇಲೆ ಬೇರೊಂದು ಒಣಬಟ್ಟೆಯಿಂದ, ಹಾಕಿದ ಎಣ್ಣೆಯನ್ನೆಲ್ಲ ತೆಗೆದುಬಿಡುವಂತೆ ಒರಸಬೇಕು. ಈ ಕೆಲಸದ ಮರ್ಮವೆಲ್ಲ ಇದರಲ್ಲಿಯೇ ಇದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಎಣ್ಣೆಯೇ ಗಟ್ಟಿಯಾಗುವುದು. ದಪ್ಪಗೆ ಬಳಿದ ಎಣ್ಣೆಯು ಮೇಲ್ಭಾಗದಲ್ಲಿ ಮಾತ್ರ ಒಣಗಿ, ಒಳಗೆ ಬೆಲ್ಲದ ಪಾಕದಂತೆ ಅಂಟಂಟಾಗಿ ಉಳಿಯುತ್ತದೆ. ತರುವಾಯ ಉರಿಯನ್ನು ಕ್ರಮವಾಗಿ ಹೆಚ್ಚಿಸಬೇಕು. ಎಣ್ಣೆಯಿಂದ ಹೊಗೆಯೆದ್ದು, ಸ್ವಲ್ಪ ಹೊತ್ತಿನ ಮೇಲೆ ಹೊಗೆಯು ತಾನಾಗಿ ನಿಂತಾಗ ಒಂದು ಸರದಿ ಮುಗಿಯಿತೆಂದು ತಿಳಿಯಬೇಕು. ಪಾತ್ರೆಯನ್ನು ತಾನಾಗಿ ಆರಲು ಬಿಟ್ಟು, ಹೀಗೆಯೇ ಮೂರು ನಾಲ್ಕು ಸರದಿ ಮಾಡಬೇಕು. ಬಣ್ಣವು ಮೊದಲು ಕಂದಾಗಿ ಅನಂತರ ಕಪ್ಪಾಗುತ್ತದೆ. ಆರಿದ ಪಾತ್ರೆಯ ಮೇಲೆ ಬೆರಳಾಡಿಸಿದರೆ ಜಿಗುಟಾಗಲಿ ಜಿಡ್ಡಾಗಲಿ ಇರಬಾರದು. ಜಿಗುಟು ಇದ್ದರೆ ಎಣ್ಣೆಯು ಹೆಚ್ಚಾಯಿತು ಅಥವಾ ಕಾವು ಸಾಲಲಿಲ್ಲವೆಂದು ತಿಳಿದು, ಎಣ್ಣೆ ಹಾಕದೆ ಮತ್ತೊಮ್ಮೆ ಕಾಯಿಸಬೇಕು.

ಎಣ್ಣೆ ಒರಸಿದ ಬಟ್ಟೆಗಳ ವಿಷಯದಲ್ಲಿ ಒಂದು ಎಚ್ಚರಿಕೆಯು ಅತ್ಯವಶ್ಯ. ಅಗಸೆ ಮತ್ತು ಕುಸುಬೆಯೆಣ್ಣೆಗಳು ಒಣಗುವಾಗ ತಾವಾಗಿಯೇ ಶಾಖವನ್ನು ಹುಟ್ಟಿಸುತ್ತವೆ. ಅಂಥ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಶಾಖವು ಒಳಗೇ ಕೂಡಿ, ಕೆಲವು ತಾಸುಗಳ ನಂತರ ಯಾರೂ ಕಿಡಿ ಹಾಕದಿದ್ದರೂ ಹೊತ್ತಿಕೊಳ್ಳುವುದುಂಟು. ಅಗಸೆಯೆಣ್ಣೆಯಲ್ಲಿ ಈ ಅಪಾಯವು ಹೆಚ್ಚು. ಸೊಪ್ಪೆಯ ಬಣವೆಗಳಿರುವ ಹಿತ್ತಿಲಲ್ಲಿ ಇದರ ಪರಿಣಾಮವನ್ನು ಊಹಿಸಬಹುದು. ಕೆಲಸವು ಮುಗಿದೊಡನೆ ಈ ಬಟ್ಟೆಗಳನ್ನು ಒಲೆಗೆ ಹಾಕಿ ಸುಡಬೇಕು ಅಥವಾ ನೀರಿನಲ್ಲಿ ಮುಳುಗಿಸಿಡಬೇಕು.

ಒಂದು ಉದಾಹರಣೆ

ಎರಡು ಅಡಿ ಬಾಯಗಲದ ಬೀಡಿನ ಬಾಣಲೆಯೊಂದು ಗ್ರಾಮದ ದೈವದವರಲ್ಲಿದೆಯೆಂದೂ, ಮಾಘಮಾಸದಲ್ಲಿ ಕೊಟ್ಟೂರಿನ ತೇರಿಗೆ ಹೋಗಿಬರುವ ಜನರಿಗಾಗಿ ಅದನ್ನು ಸಿದ್ಧಪಡಿಸಬೇಕಾಗಿದೆಯೆಂದೂ ಭಾವಿಸಬಹುದು. ಕಳೆದ ವರ್ಷ ತೊಳೆದು ಒದ್ದೆಯಾಗಿಯೇ ಬೋರಲು ಹಾಕಿದ್ದರಿಂದ ಒಳಗೆಲ್ಲ ಹಕ್ಕಳೆಯೆದ್ದಿದೆ. ಈ ಕೆಲಸಕ್ಕೆ ಇಬ್ಬರು ಆಳುಗಳೂ ಮೂರು ದಿನಗಳೂ ಬೇಕು. ಸಾಮಗ್ರಿಯೆಂದರೆ ಹುಣಿಸೆಹಣ್ಣು 2 ಕಿಲೋ, ಅಡಿಗೆ ಸೋಡಾ 100 ಗ್ರಾಂ, ಕುಸುಬೆಯೆಣ್ಣೆ ಕಾಲು ಲೀಟರು, ಸ್ವಲ್ಪ ಸುಣ್ಣ, ಸೀಮೆಎಣ್ಣೆ, ಇಟ್ಟಿಗೆಪುಡಿ, ಹಳೆಯ ಹತ್ತಿಬಟ್ಟೆ.

ಮೊದಲನೆಯ ದಿನ ಬಾಣಲೆಯನ್ನು ಯಾರು ಯಾವ ಕೆಲಸಕ್ಕೆ ಒಯ್ದಿದ್ದರೆಂಬುದನ್ನು ವಿಚಾರಿಸಿ, ಒಣ ಇಟ್ಟಿಗೆಪುಡಿಯಿಂದ ಉಜ್ಜಿ ಹಕ್ಕಳೆಗಳನ್ನು ತೆಗೆಯಬೇಕು. ಧೂಳು ಮೂಗಿಗೆ ಹೋಗದಂತೆ ಉಜ್ಜುವವರು ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು. ಬಳಿಕ ನಾದವನ್ನು ಕೇಳಿ, ಸುಣ್ಣ ಮತ್ತು ಸೀಮೆಎಣ್ಣೆಯ ಪರೀಕ್ಷೆಯನ್ನು ಮಾಡಿ, ಸಾಬೂನಿನಿಂದ ತೊಳೆದು ಬಿಸಿಲಿನಲ್ಲಿಡಬೇಕು. ಎರಡನೆಯ ದಿನ ಹುಣಿಸೆಯ ರಸದಿಂದ ಅರ್ಧ ಅರ್ಧ ತಾಸಿನಂತೆ ಎರಡು ಅಥವಾ ಮೂರು ಸಲ ತುಕ್ಕನ್ನು ತೆಗೆದು, ಸೋಡಾ ನೀರಿನಿಂದ ತೊಳೆದು, ಬಯಲಿನಲ್ಲಿ ಹೂಡಿದ ಮೂರು ಗುಂಡಿನ ಒಲೆಯ ಮೇಲೆ ಒಣಗಿಸಿ, ಅದೇ ಕಾವಿನಲ್ಲಿ ಮೊದಲನೆಯ ಸರದಿ ಎಣ್ಣೆಯನ್ನು ಕೊಡಬೇಕು. ಎಣ್ಣೆ ಸವರದೆ ಆ ರಾತ್ರಿ ಬಿಡಕೂಡದು. ಮೂರನೆಯ ದಿನ ಉಳಿದ ಮೂರು ಸರದಿಗಳು. ದೊಡ್ಡ ಬಾಣಲೆಯ ಅಂಚುಗಳಿಗೆ ಉರಿಯು ತಾಕುವುದಿಲ್ಲವಾದುದರಿಂದ, ಒಂದೆರಡು ಸರದಿಯಲ್ಲಿ ಬಾಣಲೆಯನ್ನು ಗುಂಡುಗಳ ಮೇಲೆ ಬೋರಲಾಗಿ ಇಟ್ಟು ಕೆಳಗೆ ಸಣ್ಣ ಉರಿ ಮಾಡುವುದು ಯುಕ್ತ.

ಹೊಸದಾಗಿ ಪಳಗಿಸಿದ ಬಾಣಲೆಯಲ್ಲಿ ಮೊದಲ ಅಡಿಗೆಯು ಎಣ್ಣೆಯದೇ ಆಗಿರಬೇಕು. ಮೆಣಸಿನಕಾಯಿ ಬಜ್ಜಿ, ಪೂರಿ ಮುಂತಾದವನ್ನು ಕರಿದರೆ ಪದರವು ಬಲಿಯುತ್ತದೆ. ಮೊದಲ ದಿನವೇ ಹುಳಿಸಾರನ್ನು ಕುದಿಸಿದರೆ ಮೂರು ದಿನದ ಶ್ರಮವೂ ಹುಳಿಯಲ್ಲಿ ಕರಗಿಹೋಗುತ್ತದೆ, ಸಾರೂ ಕಪ್ಪಾಗುತ್ತದೆ. ಪದರವು ಬಲಿತ ಮೇಲೆಯೂ ಹುಳಿಯ ಅಡಿಗೆಯನ್ನು ಕಬ್ಬಿಣದಲ್ಲಿ ಬಹಳ ಹೊತ್ತು ಕುದಿಸಬಾರದು, ರಾತ್ರಿ ಅದರಲ್ಲಿಯೇ ಬಿಡಲೂಬಾರದು.

ನಿತ್ಯಪಾಲನೆ ಮತ್ತು ಸಂಗ್ರಹ

ರೊಟ್ಟಿ ಸುಟ್ಟ ಹಂಚನ್ನು ನೀರಿನಲ್ಲಿ ನೆನೆಹಾಕಬೇಕಾಗಿಲ್ಲ. ಬಿಸಿ ಇರುವಾಗಲೇ ಸೀದ ಹಿಟ್ಟನ್ನು ಒಣಬಟ್ಟೆಯಿಂದ ಒರಸಿದರೆ ಸಾಕು. ತೊಳೆಯಲೇಬೇಕಾದರೆ ಆರಿದ ಮೇಲೆ ತೊಳೆದು, ಒಲೆಯ ಮೇಲಿಟ್ಟು ತೇವವನ್ನು ಹೋಗಲಾಡಿಸಿ, ಎಣ್ಣೆಯ ಬಟ್ಟೆಯನ್ನು ಒಮ್ಮೆ ಆಡಿಸಬೇಕು. ಸ್ವಲ್ಪ ಸಾಬೂನಿನಿಂದ ಪದರವು ಹಾಳಾಗುವುದಿಲ್ಲ. ಬೂದಿಯ ನೀರಿನಲ್ಲಿಯೋ ಬಟ್ಟೆಯ ಸೋಡಾದಲ್ಲಿಯೋ ನೆನೆಸಿದರೆ ಹಾಳಾಗುತ್ತದೆ. ಕಾದ ಹಂಚಿನ ಮೇಲೆ ತಣ್ಣೀರನ್ನು ಸುರಿಯುವ ಅಭ್ಯಾಸವನ್ನು ಬೀಡಿನ ವಿಷಯದಲ್ಲಿ ಕಟ್ಟುನಿಟ್ಟಾಗಿ ಬಿಡಬೇಕು. ಅನೇಕ ಹಂಚುಗಳು ಸೀಳುವುದು ಇದರಿಂದಲೇ.

ಬಹುಕಾಲ ಇರಿಸತಕ್ಕ ಪಾತ್ರೆಗಳನ್ನು ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ, ಮಣ್ಣಿನ ನೆಲದ ಮೇಲಲ್ಲದೆ ಮರದ ಹಲಗೆಯ ಮೇಲೆ ಇಡಬೇಕು ಅಥವಾ ತೊಲೆಗೆ ತೂಗುಹಾಕಬೇಕು. ಒಂದರೊಳಗೊಂದು ಇಡುವಾಗ ನಡುವೆ ಒಣಬಟ್ಟೆಯನ್ನು ಹಾಕಬೇಕು. ಮುಚ್ಚಳವನ್ನು ಬಿಗಿಯಾಗಿ ಮುಚ್ಚಿದರೆ ಒಳಗೆ ತೇವವು ನಿಲ್ಲುತ್ತದೆ. ಉಪ್ಪಿನ ಮೂಟೆ, ಸರಕಾರಿ ಗೊಬ್ಬರ, ಕೀಟನಾಶಕ ಇವುಗಳಿರುವ ಕೋಣೆಯಲ್ಲಿ ಅಡಿಗೆಯ ಪಾತ್ರೆಗಳನ್ನು ಇರಿಸಲೇಕೂಡದು. ಗೊಬ್ಬರದ ಲವಣಗಳು ತೇವವನ್ನು ಎಳೆದು ತುಕ್ಕನ್ನು ಹೆಚ್ಚಿಸುತ್ತವೆ. ಕೀಟನಾಶಕದ ಅಪಾಯವನ್ನು ಹಿಂದೆಯೇ ಹೇಳಿದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಿ, ಕೆಂಪು ಚುಕ್ಕೆ ಕಂಡಲ್ಲಿ ಒರಸಿ ಎಣ್ಣೆ ಹಚ್ಚಬೇಕು. ತಿಂಗಳುಗಟ್ಟಲೆ ಇದ್ದ ಎಣ್ಣೆಯು ಕಮಟಾಗಿರುವುದರಿಂದ, ಬಳಸುವ ಮೊದಲು ಬಿಸಿನೀರು ಸಾಬೂನುಗಳಿಂದ ತೊಳೆದು ಒಮ್ಮೆ ಕಾಯಿಸಿಕೊಳ್ಳಬೇಕು.

ದೈವದ ಪಾತ್ರೆಗಳನ್ನು ಬೇಡಿದವರಿಗೆ ಕೊಡುವಾಗ, ಯಾರಿಗೆ, ಯಾವ ದಿನ, ಯಾವ ಕೆಲಸಕ್ಕೆ ಕೊಟ್ಟಿತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಉತ್ತಮ. ಅಡಿಗೆಗಲ್ಲದ ಕೆಲಸಕ್ಕೆ ಒಂದು ಸಲ ಹೋದ ಪಾತ್ರೆಗೆ ಅಳಿಸದ ಗುರುತು ಮಾಡಿ, ಅದನ್ನು ಬೇರೆಯಾಗಿಯೇ ಇಡಬೇಕು. ತುಕ್ಕನ್ನು ಮೂರು ದಿನದಲ್ಲಿ ತೆಗೆಯಬಹುದು, ಬಿರುಕನ್ನು ಸುಣ್ಣದ ಮೇಲೆ ಕಾಣಬಹುದು. ಪಾತ್ರೆಯಲ್ಲಿ ಹಿಂದೆ ಏನಿತ್ತೆಂಬುದು ಮಾತ್ರ ಆ ಪುಸ್ತಕದ ಹೊರತು ಬೇರೆ ಯಾವ ಪರೀಕ್ಷೆಯಿಂದಲೂ ಗ್ರಾಮದಲ್ಲಿ ತಿಳಿಯಲಾರದು.